ಮೊದಲ ವರ್ಷ 100 ಕಟ್ಟಿದ್ದೆ, ಈಗ ರಿನ್ಯೂವಲ್‌ಗೆ 430 ಕೇಳ್ತಿದ್ದಾರೆ. ಕಟ್ಬೇಕಾ, ಬೇರೆ ಕಡೆ ಹೋಗ್ಬೇಕಾ?

ಕಾಗದದೋಣಿ
ಎಲ್ರಿಗೂ ನಮಸ್ಕಾರ. ಮಕ್ಕಳಿಗೆ ಗಣಿತದ ವರ್ಕ್‌ಶೀಟ್ ಹಾಕೋ ಒಂದು ಸೈಟ್ ನಡೆಸ್ತೀನಿ. ಹೋದ ವರ್ಷ ಒಂದೇ ಕಂಪನಿ ಹತ್ರ ಹೋಸ್ಟಿಂಗು, ಅದರ ಜೊತೆ ಫ್ರೀ ಬಂದ ಒಂದು .com, ಇನ್ನೊಂದು .online ಡೊಮೇನು, ಎಲ್ಲಾ ಒಟ್ಟಿಗೆ ತಗೊಂಡಿದ್ದೆ. ಕಂಪನಿ ಹೆಸ್ರು ಬೇಡ. ಮೊನ್ನೆ ರಿನ್ಯೂವಲ್ ಮೇಲ್ ಬಂತು, ಓದಿ ತಲೆ ತಿರುಗ್ತು. ದುಡ್ಡಿನ ಲೆಕ್ಕ ಒಬ್ಬೊಬ್ರಿಗೆ ಒಂದೊಂದು ಥರ ಇರುತ್ತೆ ಅಂತ ನಾನು ಮೊದಲ ವರ್ಷ ಕಟ್ಟಿದ ಒಟ್ಟು ಮೊತ್ತನ 100 ಅಂತ ಇಟ್ಕೊಂಡು ಬರೀತೀನಿ.

ಹೋದ ವರ್ಷ: ಹೋಸ್ಟಿಂಗ್ 80, .com 0, .online 5, ಪ್ರೈವಸಿ 0, ಬ್ಯಾಕಪ್ 15.
ಈ ವರ್ಷ: ಹೋಸ್ಟಿಂಗ್ 240, .com 70, .online 80, ಪ್ರೈವಸಿ 25, ಬ್ಯಾಕಪ್ 15.

ಒಟ್ಟು 430. ಸೈಟು ಅದೇ, ಜಾಗ ಅದೇ, ನಾನೂ ಅವಳೇ. ಎಕ್ಸ್‌ಪೈರಿಗೆ ಇನ್ನು 23 ದಿನ ಇದೆ, ಆದ್ರೆ 15 ದಿನ ಮೊದಲೇ ಕಾರ್ಡಿಂದ ಕಟ್ ಮಾಡ್ಕೋತೀವಿ ಅಂತ ಮೇಲ್‌ನ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಇದೆ, ಅಂದ್ರೆ ನನ್ನ ಕೈಯಲ್ಲಿ ಇರೋದು 8 ದಿನ. ಈ ಸೈಟಿಂದ ನನಗೆ ಆದಾಯ ಏನಿಲ್ಲ, ಮೇಷ್ಟ್ರುಗಳು ಪ್ರಿಂಟ್ ತಗೊಂಡು ಮಕ್ಕಳಿಗೆ ಕೊಡ್ತಾರೆ ಅಷ್ಟೇ. ನಿಲ್ಲಿಸೋಕೆ ಮನಸ್ಸಿಲ್ಲ. ಏನ್ ಮಾಡ್ಲಿ ಹೇಳಿ.

ದಾರಿಹೋಕ
ಮೇಡಂ ನಿಮ್ಮ ಸೈಟಿಗೆ ಜನ ಜಾಸ್ತಿ ಬರೋಕೆ ಶುರು ಆಗಿರ್ಬೇಕು, ಅದಕ್ಕೇ ಪ್ಲಾನ್ ದೊಡ್ಡದು ಮಾಡಿದ್ದಾರೆ. ನನಗೂ ಹಾಗೇ ಆಗಿತ್ತು, ಫೋಟೋಗಳನ್ನೆಲ್ಲ ಚಿಕ್ಕ ಸೈಜ್ ಮಾಡಿ ಅಪ್‌ಲೋಡ್ ಮಾಡಿದ್ಮೇಲೆ ಕೆಳಗಿನ ಪ್ಲಾನ್‌ಗೆ ಇಳಿಸಿದ್ರು. ವರ್ಕ್‌ಶೀಟ್ ಪಿಡಿಎಫ್‌ಗಳನ್ನ ಕಂಪ್ರೆಸ್ ಮಾಡಿ ನೋಡಿ.

ಕಾಗದದೋಣಿ
ಇಲ್ಲ ಸರ್, ಪ್ಲಾನ್ ಹೆಸರು ಹೋದ ವರ್ಷದ್ದೇ ಇದೆ, ಒಂದಕ್ಷರ ಬದಲಾಗಿಲ್ಲ. ಬೆಲೆ ಮಾತ್ರ ಬೇರೆ.

ನೀಲಿಪೆನ್ನು
ಇದರಲ್ಲಿ ಆ ಕಂಪನಿ ತಪ್ಪು ಇಲ್ಲ ಅನ್ಸುತ್ತೆ. .com ನಡೆಸೋದು ವೆರಿಸೈನ್, ಅವರು ವರ್ಷ ವರ್ಷ ಸಗಟು ಬೆಲೆ ಏರಿಸ್ತಾ ಬಂದಿದ್ದಾರೆ. ಮೇಲಿನವರು ಏರಿಸಿದ್ರೆ ಕೆಳಗಿನವರೂ ಏರಿಸ್ಲೇಬೇಕಲ್ವಾ. ಎಲ್ಲಿಗೆ ಹೋದ್ರೂ ಇದೇ ಕಥೆ, ಸುಮ್ನೆ ಕಟ್ಬಿಡಿ.

ಹಳೇಸರ್ವರ್
ನೀಲಿಪೆನ್ನು ಹೇಳಿದ್ರಲ್ಲಿ ನಿಜ ಇದೆ, ಆದ್ರೆ ಈ ಬಿಲ್ಲಿಗೆ ಅದು ಉತ್ತರ ಆಗಲ್ಲ. ವೆರಿಸೈನ್ ರಿಜಿಸ್ಟ್ರಾರ್‌ಗಳಿಂದ, ಅಂದ್ರೆ ನಮಗೆ ಡೊಮೇನ್ ಮಾರೋ ಕಂಪನಿಗಳಿಂದ, ತಗೊಳ್ಳೋ .com ಸಗಟು ಬೆಲೆ ತುಂಬಾ ವರ್ಷ 7.85 ಡಾಲರ್‌ನಲ್ಲೇ ನಿಂತಿತ್ತು. 2021ರ ಸೆಪ್ಟೆಂಬರಲ್ಲಿ 8.39 ಆಯ್ತು, ಆಮೇಲೆ ಪ್ರತಿ ಸೆಪ್ಟೆಂಬರ್ ಏರಿ 2024ರಲ್ಲಿ 10.26ಕ್ಕೆ ಬಂತು. ನಾಲ್ಕು ಸಲ ಏರಿಸಿದ್ರೂ ಒಟ್ಟು ಏರಿಕೆ ನೂರಕ್ಕೆ 31ರ ಹತ್ರ. ಒಂದು ಸಲಕ್ಕೆ ನೂರಕ್ಕೆ 7ಕ್ಕಿಂತ ಜಾಸ್ತಿ ಏರಿಸೋಕೆ ಅವರ ಒಪ್ಪಂದದಲ್ಲಿ ಅವಕಾಶ ಇಲ್ಲ. ಹಾಗಾಗಿ 100 ಇದ್ದಿದ್ದು 430 ಆಗಿದ್ದು ಆ ಕಾರಣಕ್ಕಲ್ಲ.

ಕಾಗದದೋಣಿಯವರೇ, ನಿಮ್ಮ ಬಿಲ್ ಒಂದು ಬಿಲ್ ಅಲ್ಲ, ಬೇರೆ ಬೇರೆ ಸಾಮಾನನ್ನ ಒಂದೇ ಚೀಲಕ್ಕೆ ಹಾಕಿದ್ದಾರೆ ಅಷ್ಟೇ. ಬಿಡಿಸಿ ನೋಡೋಣ.

ಹೋಸ್ಟಿಂಗ್ 80 ಇದ್ದಿದ್ದು 240. ಹೋಸ್ಟಿಂಗಿನ ಅಸಲಿ ಬೆಲೆ 240ಏ, 80 ಅನ್ನೋದು ಹೊಸಬರನ್ನ ಒಳಗೆ ಕರ್ಕೊಳ್ಳೋಕೆ ಇಟ್ಟಿದ್ದ ಬೆಲೆ. ನೀವು ಮೊದಲ ಸಲವೇ ಮೂರು ವರ್ಷಕ್ಕೆ ಕಟ್ಟಿದ್ರೆ ಆ ಮೂರು ವರ್ಷ ಪೂರ್ತಿ ಆಫರ್ ಬೆಲೆ ನಡೀತಿತ್ತು, ಒಂದು ವರ್ಷಕ್ಕೆ ಕಟ್ಟಿದ್ರಿಂದ ಒಂದೇ ವರ್ಷಕ್ಕೆ ಮುಗೀತು. ಆಫರ್ ಅನ್ನೋದು ಮೊದಲ ಬಿಲ್ಲಿಗೆ ಮಾತ್ರ.

.com 0 ಇದ್ದಿದ್ದು 70. ಇದು ನಿಜಕ್ಕೂ ಫ್ರೀ ಅಲ್ಲ, ಹೋಸ್ಟಿಂಗ್ ಕಂಪನಿ ತನ್ನ ಕೈಯಿಂದ ಕಟ್ಟಿತ್ತು. ಎರಡನೇ ವರ್ಷದಿಂದ ಅವರ ಚಿಲ್ಲರೆ ಬೆಲೆ ನಿಮ್ಮ ಮೇಲೆ ಬೀಳುತ್ತೆ. ಬರೀ ಡೊಮೇನ್ ಮಾರೋ ರಿಜಿಸ್ಟ್ರಾರ್ ಹತ್ರ .com ರಿನ್ಯೂವಲ್ ಸಗಟು ಬೆಲೆಯ ಹತ್ತಿರಕ್ಕೇ ಸಿಗುತ್ತೆ, ಹೋಲಿಸಿ ನೋಡಿ.

.online 5 ಇದ್ದಿದ್ದು 80. ಹದಿನಾರು ಪಟ್ಟು. ಹೊಸ ಥರದ ಡೊಮೇನ್‌ಗಳಲ್ಲಿ, .online, .store, .site, .xyz ಇಂಥವಲ್ಲಿ, ಮೊದಲ ವರ್ಷಕ್ಕೆ ರಿಜಿಸ್ಟ್ರಿನೇ, ಅಂದ್ರೆ .comಗೆ ವೆರಿಸೈನ್ ಇರೋ ಥರ ಆ ಡೊಮೇನ್ ನಡೆಸೋರೇ, ರಿಯಾಯಿತಿ ಕೊಡುತ್ತೆ, ರಿನ್ಯೂವಲ್‌ಗೆ ಕೊಡಲ್ಲ. .comಗೆ ಇರೋ ಥರ ಏರಿಕೆಗೆ ಮಿತಿನೂ ಇವಕ್ಕಿಲ್ಲ. ಇಲ್ಲಿ ಕಂಪನಿ ಬದಲಾಯಿಸಿದ್ರೂ ಉಳಿಯೋದು ಸ್ವಲ್ಪವೇ, ಯಾಕಂದ್ರೆ ಸಗಟು ಬೆಲೆನೇ ಜಾಸ್ತಿ.

ಪ್ರೈವಸಿ 25. ನಿಮ್ಮ ಹೆಸರು ವಿಳಾಸ ಎಲ್ರಿಗೂ ಕಾಣ್ದೇ ಇರೋ ಹಾಗೆ ಮಾಡೋದು. ಇದನ್ನ ಈಗ ಎಷ್ಟೋ ರಿಜಿಸ್ಟ್ರಾರ್‌ಗಳು ದುಡ್ಡಿಲ್ದೆ ಕೊಡ್ತಾರೆ. ಬ್ಯಾಕಪ್ 15 ಮಾತ್ರ ಹೋದ ವರ್ಷನೂ ಇತ್ತು, ಅದನ್ನ ನೀವು ಬೇಕು ಅಂತಾನೇ ತಗೊಂಡ್ರಾ?

ಕಾಗದದೋಣಿ
ತಗೊಂಡ ನೆನಪೇ ಇಲ್ಲ. ಹಳೇ ರಸೀದಿ ತೆಗೆದು ನೋಡ್ದೆ, ಅದರಲ್ಲಿ ಇದೆ. ಕಾರ್ಟ್ ಪುಟದಲ್ಲಿ ಮೊದಲೇ ಟಿಕ್ ಆಗಿತ್ತು ಅನ್ಸುತ್ತೆ, ನಾನು ತೆಗೀಲಿಲ್ಲ. ಇಡೀ ವರ್ಷ ಒಂದು ಸಲಾನೂ ಆ ಬ್ಯಾಕಪ್ ತೆರೆದು ನೋಡಿಲ್ಲ, ಪ್ರತಿ ತಿಂಗಳು ಫೈಲ್‌ಗಳನ್ನ ನಾನೇ ಇಳಿಸ್ಕೊಂಡು ಇಟ್ಕೋತೀನಿ. ನೀವು ಬಿಡಿಸಿ ಹೇಳಿದ ಮೇಲೆ ಬಿಲ್ ಕಣ್ಣಿಗೆ ಬೇರೆ ಥರಾನೇ ಕಾಣ್ತಿದೆ ಸರ್, ಥ್ಯಾಂಕ್ಸ್.

ಬೆಳ್ಳಿಮೋಡ
ಅಕ್ಕ ಇಷ್ಟೆಲ್ಲ ಯಾಕೆ. ಆಟೋ ರಿನ್ಯೂ ಆಫ್ ಮಾಡಿ ಸುಮ್ನಿರಿ. ಎಕ್ಸ್‌ಪೈರ್ ಆಗ್ಲಿ, ಆಮೇಲೆ ಬೇರೆ ಮೇಲ್ ಐಡಿಯಿಂದ ಹೊಸ ಗಿರಾಕಿ ಥರ ಬಂದು ಅದೇ ಹೆಸರನ್ನ ಆಫರ್ ಬೆಲೆಗೆ ತಗೊಳ್ಳಿ. ಹೋಸ್ಟಿಂಗಿಗೆ ನಾನು ಎರಡು ಸಲ ಹೀಗೇ ಮಾಡಿದೀನಿ, ಆಫ್ ಮಾಡಿದ ಮೂರನೇ ದಿನಕ್ಕೆ ಅವರೇ ಡಿಸ್ಕೌಂಟ್ ಮೇಲ್ ಕಳಿಸ್ತಾರೆ.

ಹಳೇಸರ್ವರ್
ಹೋಸ್ಟಿಂಗಿಗೆ ಸರಿ ಬೆಳ್ಳಿಮೋಡ, ಡೊಮೇನಿಗೆ ದಯವಿಟ್ಟು ಈ ಸಲಹೆ ಯಾರಿಗೂ ಕೊಡ್ಬೇಡಿ. ಹೋಸ್ಟಿಂಗ್ ಅಂದ್ರೆ ಬಾಡಿಗೆ ಜಾಗ, ಒಂದು ಹೋದ್ರೆ ಇನ್ನೊಂದು. ಡೊಮೇನ್ ಹೆಸರು ಇಡೀ ಜಗತ್ತಿಗೆ ಒಂದೇ.

.com ಎಕ್ಸ್‌ಪೈರ್ ಆದ ಮಾರನೇ ದಿನ ಅದು ಮಾರ್ಕೆಟ್ಟಿಗೆ ಬರಲ್ಲ. ಮೊದಲು 45 ದಿನದವರೆಗೆ ಒಂದು ಗ್ರೇಸ್ ಅವಧಿ ಇರುತ್ತೆ, ಅದರಲ್ಲಿ ಹಳೇ ಮಾಲೀಕರಿಗೆ ಎಷ್ಟು ದಿನ ಬಿಟ್ಕೊಡ್ಬೇಕು ಅನ್ನೋದು ರಿಜಿಸ್ಟ್ರಾರ್ ಪಾಲಿಸಿಗೆ ಬಿಟ್ಟಿದ್ದು. ಅದರ ಮಧ್ಯದಲ್ಲೇ ಎಷ್ಟೋ ರಿಜಿಸ್ಟ್ರಾರ್‌ಗಳು ಹೆಸರನ್ನ ಹರಾಜಿಗೆ ಇಡ್ತಾರೆ, ಯಾರಾದ್ರೂ ಕೂಗಿದ್ರೆ ಅಲ್ಲಿಗೆ ಮುಗೀತು. ಯಾರೂ ಕೂಗದೆ ಡಿಲೀಟ್ ಮಾಡಿದ್ರೆ 30 ದಿನ ರಿಡೆಂಪ್ಷನ್, ಆಗ ವಾಪಸ್ ತಗೋಬೇಕಂದ್ರೆ ರಿನ್ಯೂವಲ್ ದುಡ್ಡಿನ ಮೇಲೆ ಪ್ರತ್ಯೇಕ ಫೀಸು, ಅದು ರಿನ್ಯೂವಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತೆ. ಆಮೇಲೆ 5 ದಿನ ಯಾರೂ ಮುಟ್ಟೋ ಹಾಗಿಲ್ಲ. ಆಮೇಲೆ ಬಿಡುಗಡೆ ಆಗುತ್ತೆ, ಆ ಕ್ಷಣಕ್ಕೆ ಕಾಯ್ಕೊಂಡು ಕೂತಿರೋ ಪ್ರೋಗ್ರಾಮ್‌ಗಳು ಸೆಕೆಂಡಲ್ಲಿ ಎತ್ಕೊಳ್ತಾವೆ. ಒಂದು ವರ್ಷದಿಂದ ಲಿಂಕ್‌ಗಳು ಕಟ್ಕೊಂಡಿರೋ, ಮೇಷ್ಟ್ರುಗಳೆಲ್ಲ ಬಳಸ್ತಿರೋ ಹೆಸರು ಖಾಲಿ ಉಳಿಯುತ್ತೆ ಅಂತ ನಂಬ್ಕೊಂಡು ಕೂರಬಾರದು.

ಬೆಳ್ಳಿಮೋಡ
ಓ ಹರಾಜಿನ ವಿಷಯ ಗೊತ್ತಿರ್ಲಿಲ್ಲ. ನಾನು ಬರೀ ಹೋಸ್ಟಿಂಗ್ ಬಿಟ್ಟಿದ್ದು, ಡೊಮೇನ್ ಬೇರೆ ಕಡೆ ಇತ್ತು. ಅಕ್ಕ ಡೊಮೇನ್ ಮಾತ್ರ ಬಿಡ್ಬೇಡಿ ಹಂಗಾದ್ರೆ.

ಮೂರನೇಬೆಂಚು
ನನ್ನ ಕಥೆ ಹೇಳ್ತೀನಿ, ಯಾರಾದ್ರೂ ಇದಕ್ಕೆ ಕಾರಣ ಹೇಳಿದ್ರೆ ಪುಣ್ಯ ಬರುತ್ತೆ. ನನ್ನ .com ಎಕ್ಸ್‌ಪೈರ್ ಆಗಿ ಮೂರು ದಿನ ಆದ್ಮೇಲೆ ನೆನಪಾಯ್ತು, ಗಾಬರಿಯಲ್ಲಿ ಅಲ್ಲೇ ಪೂರ್ತಿ ಬೆಲೆ ಕೊಟ್ಟು ರಿನ್ಯೂ ಮಾಡ್ದೆ. ಅದಾಗಿ ಹತ್ತು ದಿನಕ್ಕೆ ಕೋಪ ಬಂದು ಬೇರೆ ರಿಜಿಸ್ಟ್ರಾರ್‌ಗೆ ಟ್ರಾನ್ಸ್‌ಫರ್ ಮಾಡ್ದೆ, ಅಲ್ಲೂ ಒಂದು ವರ್ಷದ ದುಡ್ಡು ಕಟ್ದೆ. ಎರಡು ವರ್ಷ ಸಿಗ್ಬೇಕಿತ್ತಲ್ವಾ, ಸಿಕ್ಕಿದ್ದು ಒಂದೇ ವರ್ಷ. ಹಳೇ ಕಡೆ ಕೇಳಿದ್ರೆ ನಾವು ರಿನ್ಯೂ ಮಾಡಿದೀವಿ ಅಂತಾರೆ, ಹೊಸ ಕಡೆ ಕೇಳಿದ್ರೆ ನಾವೂ ಒಂದು ವರ್ಷ ಸೇರಿಸಿದೀವಿ ಅಂತಾರೆ. ಇಬ್ರೂ ಸ್ಕ್ರೀನ್‌ಶಾಟ್ ಕಳಿಸಿದ್ರು. ನನ್ನ ಒಂದು ವರ್ಷ ಎಲ್ಲಿ ಹೋಯ್ತು?

ಹಳೇಸರ್ವರ್
ನಿಮ್ಮ ವರ್ಷ ಹೋಗಿದ್ದು ಆ 45 ದಿನದಲ್ಲಿ. ಇಬ್ರೂ ಸುಳ್ಳು ಹೇಳಿಲ್ಲ ಅನ್ನೋದೇ ಇಲ್ಲಿ ಬೇಜಾರು.

ಎಕ್ಸ್‌ಪೈರಿ ದಿನ ದಾಟಿದ ತಕ್ಷಣ ರಿಜಿಸ್ಟ್ರಿ, ನೀವು ದುಡ್ಡು ಕಟ್ಟಿರಲಿ ಬಿಡಲಿ, ತಾನಾಗೇ ಒಂದು ವರ್ಷ ಮುಂದಕ್ಕೆ ಹಾಕಿ ರಿಜಿಸ್ಟ್ರಾರ್ ಖಾತೆಯಿಂದ ದುಡ್ಡು ಹಿಡ್ಕೊಳ್ಳುತ್ತೆ. ನೀವು ಮೂರನೇ ದಿನ ಕಟ್ಟಿದ್ದು ಆ ವರ್ಷಕ್ಕೇ. ಆದ್ರೆ ಆ 45 ದಿನದೊಳಗೆ ಡೊಮೇನ್ ಬೇರೆ ರಿಜಿಸ್ಟ್ರಾರ್‌ಗೆ ಹೋದ್ರೆ ರಿಜಿಸ್ಟ್ರಿ ಆ ವರ್ಷನ ರದ್ದು ಮಾಡಿ ಹಳೇ ರಿಜಿಸ್ಟ್ರಾರ್‌ಗೆ ಸಗಟು ದುಡ್ಡು ವಾಪಸ್ ಕೊಡುತ್ತೆ. ಟ್ರಾನ್ಸ್‌ಫರಿಂದ ಬಂದ ಒಂದು ವರ್ಷ ಹಳೇ ಎಕ್ಸ್‌ಪೈರಿಯಿಂದ ಲೆಕ್ಕ ಆಗುತ್ತೆ. ಅದಕ್ಕೇ ಎರಡು ಕಡೆ ಕಟ್ಟಿ ಒಂದು ವರ್ಷ ಸಿಕ್ಕಿದ್ದು. ಹಳೇ ರಿಜಿಸ್ಟ್ರಾರ್‌ಗೆ ಎಕ್ಸ್‌ಪೈರಿ ದಿನ, ನೀವು ದುಡ್ಡು ಕಟ್ಟಿದ ದಿನ, ಟ್ರಾನ್ಸ್‌ಫರ್ ಮುಗಿದ ದಿನ, ಮೂರನ್ನೂ ಬರೆದು "ರಿಜಿಸ್ಟ್ರಿಯಿಂದ ನಿಮಗೆ ವಾಪಸ್ ಬಂದ ದುಡ್ಡನ್ನ ನನಗೆ ಕೊಡಿ" ಅಂತ ಕೇಳಿ. ಕೆಲವರು ಕೊಡ್ತಾರೆ, ಕೆಲವರು ನಮ್ಮ ನಿಯಮದಲ್ಲಿ ರಿಫಂಡ್ ಇಲ್ಲ ಅಂತಾರೆ.

ಎಕ್ಸ್‌ಪೈರ್ ಆದ ಮೇಲೆ ಅಲ್ಲೇ ರಿನ್ಯೂ ಮಾಡಿಸಿದ್ರೆ, ಹಳೇ ಎಕ್ಸ್‌ಪೈರಿ ದಿನದಿಂದ 45 ದಿನ ಕಳೆಯೋವರೆಗೂ ಟ್ರಾನ್ಸ್‌ಫರ್ ಮುಟ್ಬೇಡಿ. ಕಾಗದದೋಣಿಯವರಿಗೆ ಈ ತೊಂದರೆ ಇಲ್ಲ, ಅವರ ಹತ್ರ ಇನ್ನೂ ದಿನ ಇದೆ. ಎಕ್ಸ್‌ಪೈರಿಗೆ ಮೊದಲೇ ಟ್ರಾನ್ಸ್‌ಫರ್ ಮಾಡಿದ್ರೆ ಉಳಿದಿರೋ ದಿನಗಳ ಮೇಲೆ ಒಂದು ವರ್ಷ ಸೇರುತ್ತೆ, ಒಂದು ದಿನವೂ ಕಳೆಯಲ್ಲ.

ಇನ್ನೊಂದು ಮಾತು, ಈ 45 ದಿನದಲ್ಲಿ `lookup.icann.org`ನಲ್ಲಿ ಹುಡುಕಿದ್ರೆ ರಿಜಿಸ್ಟ್ರಿ ಎಕ್ಸ್‌ಪೈರಿ ಅಂತ ಮುಂದಿನ ವರ್ಷದ ದಿನಾಂಕ ಕಾಣುತ್ತೆ. ನೋಡಿದವರು ಸದ್ಯ ರಿನ್ಯೂ ಆಗಿದೆ ಅಂತ ಸುಮ್ನಾಗ್ಬಿಡ್ತಾರೆ. ಸ್ಟೇಟಸ್ ಸಾಲಲ್ಲಿ `auto renew period` ಅಂತ ಇದ್ರೆ ಆ ದಿನಾಂಕನ ನಂಬಬೇಡಿ, ನಿಮ್ಮ ಅಕೌಂಟಲ್ಲಿ ದುಡ್ಡು ಕಟ್ಟಿದ ರಸೀದಿ ಇದೆಯಾ ನೋಡ್ಕೊಳ್ಳಿ.

ಮೂರನೇಬೆಂಚು
ಎರಡು ವರ್ಷದಿಂದ ತಲೇಲಿ ಕೊರೀತಿದ್ದ ಪ್ರಶ್ನೆ ಸರ್ ಇದು. ಇವತ್ತೇ ಬರೀತೀನಿ ಅವರಿಗೆ.

ಕಾಗದದೋಣಿ
ಹಂಗಾದ್ರೆ ನಾನು ಈ 8 ದಿನದೊಳಗೆ .comನ ಬೇರೆ ಕಡೆ ಒಯ್ಯೋದು ಅಂತ ತೀರ್ಮಾನ ಮಾಡ್ದೆ. ಹೋಸ್ಟಿಂಗೂ ಬೇರೆ ನೋಡ್ತೀನಿ. ಆದ್ರೆ ಒಂದು ಗಂಟು ಇದೆ. ಡೊಮೇನ್ ಅಕೌಂಟಲ್ಲಿ ನಾನು ಕೊಟ್ಟಿರೋ ಮೇಲ್ ಐಡಿ ಇದೇ ಡೊಮೇನಿನದ್ದು, ಅಂದ್ರೆ ಸೈಟಿನ ಹೆಸರಲ್ಲೇ ಇರೋ ಮೇಲ್. ಟ್ರಾನ್ಸ್‌ಫರ್ ಮಧ್ಯದಲ್ಲಿ ಮೇಲ್ ನಿಂತ್ರೆ ಕೋಡ್ ಎಲ್ಲಿಗೆ ಬರುತ್ತೆ? ಅದನ್ನ ಮೊದಲು ಬೇರೆ ಮೇಲ್‌ಗೆ ಬದಲಾಯಿಸ್ತೀನಿ ಅಂತ ಕೂತಿದ್ದೆ.

ಹಳೇಸರ್ವರ್
ನಿಲ್ಸಿ, ಸೇವ್ ಒತ್ತಬೇಡಿ! ಡೊಮೇನಿನ ಮಾಲೀಕರ ಹೆಸರು ಅಥವಾ ಮೇಲ್ ಬದಲಾಯಿಸಿದ್ರೆ ಕೆಲವು ರಿಜಿಸ್ಟ್ರಾರ್‌ಗಳಲ್ಲಿ 60 ದಿನ ಟ್ರಾನ್ಸ್‌ಫರ್ ಲಾಕ್ ಬೀಳುತ್ತೆ. ಕಳ್ಳರು ಡೊಮೇನ್ ಕದ್ದು ತಕ್ಷಣ ಸಾಗಿಸ್ಬಾರದು ಅಂತ ಮಾಡಿರೋ ನಿಯಮ, ಆದ್ರೆ ಬಿಲ್ ಬಂದ ಮೇಲೆ ಎಚ್ಚರ ಆದವರೇ ಇದರಲ್ಲಿ ಸಿಕ್ಕಿಹಾಕ್ಕೊಳ್ಳೋದು ಜಾಸ್ತಿ. ಬದಲಾಯಿಸೋ ಪುಟದಲ್ಲಿ ಲಾಕ್ ಬೇಡ ಅಂತ ಟಿಕ್ ಮಾಡೋ ಆಯ್ಕೆ ಇದ್ರೆ ಮಾತ್ರ ಮುಂದುವರೀರಿ. ಇಲ್ಲಾಂದ್ರೆ ಈಗ ಇರೋ ಮೇಲ್‌ನಲ್ಲೇ ಟ್ರಾನ್ಸ್‌ಫರ್ ಮುಗಿಸಿ, ಬದಲಾವಣೆ ಹೊಸ ಕಡೆ ಹೋದ್ಮೇಲೆ. ಅಲ್ಲಿವರೆಗೆ ಹಳೇ ಹೋಸ್ಟಿಂಗ್ ಬದುಕಿರುತ್ತಲ್ಲ, ಮೇಲ್ ಬರುತ್ತೆ.

ಈಗ ನಿಮ್ಮ ಮೇಲ್ ಎಲ್ಲಿ ಕೂತಿದೆ ಅಂತ ನೋಡ್ಬೇಕು. ಟರ್ಮಿನಲ್‌ನಲ್ಲಿ ಇದನ್ನ ಹಾಕಿ, example.com ಇರೋ ಕಡೆ ನಿಮ್ಮ ಡೊಮೇನು:

```
dig example.com NS +short
dig example.com MX +short
dig example.com TXT +short
```

ಕಾಗದದೋಣಿ
ಹಾಕ್ದೆ. NSಗೆ ಹಳೇ ಹೋಸ್ಟಿಂಗ್ ಕಂಪನಿಯದ್ದೇ ಎರಡು ಹೆಸರು ಬಂತು. MXಗೆ ಹೀಗೆ ಬಂತು:

```
10 mail.example.com.
```

TXTಯಲ್ಲಿ `v=spf1` ಅಂತ ಶುರುವಾಗೋ ಒಂದು ಸಾಲು ಇದೆ.

ಹಳೇಸರ್ವರ್
ಅಂದ್ರೆ ಸೈಟು, ಮೇಲು, ಡಿಎನ್‌ಎಸ್ ಅನ್ನೋ ವಿಳಾಸದ ಪುಸ್ತಕ ಮೂರೂ ಹಳೇ ಹೋಸ್ಟಿಂಗಿನ ಒಳಗೇ ಇವೆ. ಡೊಮೇನನ್ನ ಬೇರೆ ರಿಜಿಸ್ಟ್ರಾರ್‌ಗೆ ಕಳಿಸಿದ್ರೆ ಇವ್ಯಾವೂ ತಾವಾಗಿ ಹೋಗಲ್ಲ, NS ಅಂದ್ರೆ ನೇಮ್‌ಸರ್ವರ್ ಹಳೇದೇ ಇರುತ್ತೆ. ಆಮೇಲೆ ನೀವು ಹೋಸ್ಟಿಂಗ್ ನಿಲ್ಲಿಸಿದ ದಿನ ಸೈಟು ಮೇಲು ಎರಡೂ ಒಟ್ಟಿಗೆ ಮಾಯ ಆಗುತ್ತೆ, ಆಗ ಜನ ಟ್ರಾನ್ಸ್‌ಫರ್ ಕೆಟ್ಟೋಯ್ತು ಅಂತಾರೆ.

ಹಾಗಾಗಿ ಹೋಸ್ಟಿಂಗ್ ಮೊದಲು. ಹೊಸ ಕಡೆ ತಗೊಂಡು ಫೈಲ್ಸು, ಡೇಟಾಬೇಸು ಹಾಕಿ, ಅದೇ ಹೆಸರಿನ ಮೇಲ್‌ಬಾಕ್ಸ್‌ಗಳನ್ನ ಮಾಡಿ, ಹಳೇ ಮೇಲ್‌ಗಳನ್ನ ಕಾಪಿ ಮಾಡಿ. ಮೇಲ್ ಕಾಪಿ ಮಾಡೋದನ್ನ ಮರೆತವರು ಬಹಳ ಜನ, ಅವು ಹಳೇ ಸರ್ವರ್‌ನಲ್ಲೇ ಇರ್ತಾವೆ, ಹೋಸ್ಟಿಂಗ್ ಹೋದ್ರೆ ಅವೂ ಹೋದ ಹಾಗೆ. ಹೊಸ ಡಿಎನ್‌ಎಸ್‌ನಲ್ಲಿ ಹಳೇದರಲ್ಲಿದ್ದ ಎಲ್ಲಾ ರೆಕಾರ್ಡ್ ಇದೆಯಾ ನೋಡಿ, ವಿಳಾಸ ಮಾತ್ರ ಹೊಸ ಸರ್ವರಿನದ್ದು. ಆ TXT ಸಾಲಲ್ಲಿ ಹಳೇ ಸರ್ವರ್ ವಿಳಾಸ ಬರೆದಿದ್ರೆ ಅದನ್ನೂ ಹೊಸದಕ್ಕೆ ಬದಲಾಯಿಸಿ, ಇಲ್ಲಾಂದ್ರೆ ನೀವು ಕಳಿಸೋ ಮೇಲ್ ಸ್ಪ್ಯಾಮಿಗೆ ಹೋಗುತ್ತೆ. ಆಮೇಲೆ ನೇಮ್‌ಸರ್ವರ್ ಬದಲಾಯಿಸಿ.

ಇಲ್ಲಿ ಎರಡು ದಿನ ಕಾಯ್ಬೇಕು, ಆತುರ ಬೇಡ. .com ಕಡೆಯಿಂದ ನೇಮ್‌ಸರ್ವರ್ ಮಾಹಿತಿ 48 ಗಂಟೆ ಕ್ಯಾಶ್‌ನಲ್ಲಿ ಇರಬಹುದು, ಆ ಸಮಯದಲ್ಲಿ ಕೆಲವರಿಗೆ ಹಳೇ ಸೈಟು, ಕೆಲವರಿಗೆ ಹೊಸ ಸೈಟು ಕಾಣುತ್ತೆ, ಕೆಲವು ಮೇಲ್ ಹಳೇ ಕಡೆಗೇ ಬರುತ್ತೆ. ಎರಡೂ ಕಡೆ ಮೇಲ್‌ಬಾಕ್ಸ್ ತೆರೆದು ನೋಡ್ತಾ ಇರಿ.

ಅದಾದ್ಮೇಲೆ ಡೊಮೇನ್. ಹಳೇ ಅಕೌಂಟಲ್ಲಿ ಲಾಕ್ ತೆಗೀರಿ. ಲುಕಪ್‌ನಲ್ಲಿ `client transfer prohibited` ಅನ್ನೋ ಸ್ಟೇಟಸ್ ಹೋಗ್ಬೇಕು, ಅದಿರೋವರೆಗೂ ಟ್ರಾನ್ಸ್‌ಫರ್ ಶುರುವಾಗಲ್ಲ. ಟ್ರಾನ್ಸ್‌ಫರ್‌ಗೆ ಬೇಕಾದ ಆಥ್ ಕೋಡ್ ಕೇಳಿ, ಡೊಮೇನ್‌ಗಳಿಗೆ ನಿಯಮ ಮಾಡೋ ಐಕ್ಯಾನ್ ಸಂಸ್ಥೆಯ ನಿಯಮದ ಪ್ರಕಾರ ಅವರು 5 ದಿನದೊಳಗೆ ಕೊಡ್ಲೇಬೇಕು. ಮುಂದಿನ ವರ್ಷದ ದುಡ್ಡು ಕಟ್ಟಿಲ್ಲ ಅಂತ ಟ್ರಾನ್ಸ್‌ಫರ್ ತಡೆಯೋ ಹಾಗಿಲ್ಲ. ಕೋಡನ್ನ ಹೊಸ ಕಡೆ ಹಾಕಿದ್ಮೇಲೆ, ಹಳೇ ಕಡೆಯವರು ಬೇಗ ಒಪ್ಪದೇ ಇದ್ರೆ, ಇನ್ನೂ 5 ದಿನ ಹಿಡಿಯುತ್ತೆ.

ಕಾಗದದೋಣಿ
ಲೆಕ್ಕ ಹಾಕಿದ್ರೆ 8 ದಿನಕ್ಕೆ ಮುಗಿಯಲ್ಲ ಸರ್. ಎರಡು ದಿನ ಹೋಸ್ಟಿಂಗು, ಎರಡು ದಿನ ಕಾಯೋದು, ಕೋಡಿಗೆ 5, ಟ್ರಾನ್ಸ್‌ಫರ್‌ಗೆ 5, ಅಲ್ಲಿಗೇ 14 ಆಯ್ತು.

ಹಳೇಸರ್ವರ್
ಎಕ್ಸ್‌ಪೈರಿಗೆ 23 ದಿನ ಇದೆಯಲ್ಲ, ಸಾಕಷ್ಟಾಯ್ತು. 8 ದಿನದಲ್ಲಿ ಆಗ್ಬೇಕಿರೋದು ಒಂದೇ ಕೆಲಸ, ಆಟೋ ರಿನ್ಯೂ ಆಫ್ ಮಾಡೋದು. ಅದನ್ನ ಇವತ್ತೇ ಮಾಡಿ, ಹೋಸ್ಟಿಂಗು, ಎರಡು ಡೊಮೇನು, ಪ್ರೈವಸಿ, ಬ್ಯಾಕಪ್, ಒಂದೊಂದಕ್ಕೂ ಬೇರೆ ಬೇರೆ ಬಟನ್ ಇರುತ್ತೆ. ಹೋಸ್ಟಿಂಗಿಗೆ ಆಫ್ ಮಾಡಿ ಬ್ಯಾಕಪ್‌ಗೆ ಮರೆತವರಿಗೆ ಬ್ಯಾಕಪ್ ದುಡ್ಡು ಕಟ್ ಆಗಿದ್ದು ನೋಡಿದೀನಿ. ಆಫ್ ಮಾಡಿದ ಪುಟದ ಫೋಟೋ ತೆಗೆದಿಟ್ಕೊಳ್ಳಿ, ದಿನಾಂಕ ಕಾಣ್ಬೇಕು. ಅಲ್ಲಿರೋ "ಕ್ಯಾನ್ಸಲ್" ಬಟನ್ ಮಾತ್ರ ಒತ್ತಬೇಡಿ, ಕೆಲವು ಕಡೆ ಅದು ತಕ್ಷಣವೇ ಹೋಸ್ಟಿಂಗ್ ಅಳಿಸಿಬಿಡುತ್ತೆ. ಆಟೋ ರಿನ್ಯೂ ಆಫ್ ಅನ್ನೋದು ಬೇರೆ, ಕ್ಯಾನ್ಸಲ್ ಅನ್ನೋದು ಬೇರೆ.

ದಾರಿಹೋಕ
ದುಡ್ಡು ಕಟ್ ಆದ್ರೂ ಏನ್ ಆಗುತ್ತೆ, ಬ್ಯಾಂಕಿಗೆ ಹೇಳಿ ವಾಪಸ್ ತರಿಸ್ಕೋಬಹುದಲ್ಲ?

ಹಳೇಸರ್ವರ್
ಡೊಮೇನ್ ವಿಷಯದಲ್ಲಿ ಅದು ಅಪಾಯ. ಚಾರ್ಜ್‌ಬ್ಯಾಕ್ ಹಾಕಿದ್ರೆ ದುಡ್ಡು ಬಾಕಿ ಇದೆ ಅಂತ ಟ್ರಾನ್ಸ್‌ಫರ್ ತಡೆಯೋಕೆ ರಿಜಿಸ್ಟ್ರಾರ್‌ಗೆ ನಿಯಮದಲ್ಲೇ ಅವಕಾಶ ಇದೆ, ಅಕೌಂಟನ್ನೇ ಮುಚ್ಚೋರೂ ಇದ್ದಾರೆ. ಮೊದಲು ಸಪೋರ್ಟ್‌ಗೆ ಬರೆದು ರಿಫಂಡ್ ಕೇಳಿ. ಡೊಮೇನ್ ಸುರಕ್ಷಿತವಾಗಿ ಆಚೆ ಬಂದ್ಮೇಲೆ ಹೋಸ್ಟಿಂಗ್ ದುಡ್ಡಿಗೆ ಜಗಳ ಮಾಡಿ.

ನೀಲಿಪೆನ್ನು
ಒಪ್ಪಿದೆ, ನಾನು ಮೊದಲು ಹೇಳಿದ್ದು ಅರ್ಧ ಮಾತ್ರ. ಆದ್ರೆ ಒಂದು ಕೇಳ್ತೀನಿ. ಹೊಸ ಕಡೆ ಹೋದ್ಮೇಲೆ .comನ ಒಂದೇ ಸಲ 10 ವರ್ಷಕ್ಕೆ ಕಟ್ಟಿಬಿಟ್ರೆ ಈ ತಲೆನೋವೇ ಇರಲ್ಲ ಅಲ್ವಾ? ಬೆಲೆ ಏರೋಕೆ ಮುಂಚೆ ಹಳೇ ಬೆಲೆಗೇ ಹಿಡಿದಿಟ್ಟ ಹಾಗೆ.

ದಾರಿಹೋಕ
ಆ ಕಂಪನಿ ನಡುವೆ ಮುಚ್ಚಿಹೋದ್ರೆ 10 ವರ್ಷದ ದುಡ್ಡು ಹೋದ ಹಾಗೇ. ನಾನಂತೂ ಕಟ್ಟಲ್ಲ.

ಹಳೇಸರ್ವರ್
ಡೊಮೇನಿನ ವರ್ಷಗಳು ರಿಜಿಸ್ಟ್ರಾರ್ ಹತ್ರ ಇರಲ್ಲ ದಾರಿಹೋಕರೇ, ರಿಜಿಸ್ಟ್ರಿಯಲ್ಲಿ ದಾಖಲಾಗಿರ್ತಾವೆ, ನೀವು ಕಂಪನಿ ಬದಲಾಯಿಸಿದ್ರೆ ನಿಮ್ಮ ಜೊತೆನೇ ಬರ್ತಾವೆ. ಆದ್ರೆ ದುಡ್ಡು ಕಟ್ಟಿದ್ಮೇಲೆ ರಿಜಿಸ್ಟ್ರಿ ಎಕ್ಸ್‌ಪೈರಿ ನಿಜಕ್ಕೂ ಅಷ್ಟು ವರ್ಷ ಮುಂದಕ್ಕೆ ಹೋಗಿದೆಯಾ ಅಂತ ಲುಕಪ್‌ನಲ್ಲಿ ನೋಡ್ಲೇಬೇಕು. ಹೋಸ್ಟಿಂಗ್‌ಗೆ ಮಾತ್ರ ನಿಮ್ಮ ಭಯ ಸರಿ, ಅಲ್ಲಿ ಮುಂಗಡ ಕೊಟ್ಟಿದ್ದು ಆ ಕಂಪನಿ ಇರೋವರೆಗೆ ಅಷ್ಟೇ. ಇನ್ನು 10 ವರ್ಷದ ವಿಷಯ, ಒಂದು ಡೊಮೇನಿಗೆ ಒಟ್ಟು ಬಾಕಿ ಅವಧಿ 10 ವರ್ಷ ದಾಟೋ ಹಾಗಿಲ್ಲ, ಟ್ರಾನ್ಸ್‌ಫರಿಂದ ಬರೋ ವರ್ಷನೂ ಅದರಲ್ಲೇ ಸೇರುತ್ತೆ. ನಾನು ನನ್ನ ಮುಖ್ಯ ಡೊಮೇನಿಗೆ ಐದು ವರ್ಷಕ್ಕೆ ಕಟ್ಟಿದೀನಿ. ಅದಕ್ಕಿಂತ ಮುಂದಕ್ಕೆ ಆ ಸೈಟು ಇರುತ್ತೋ ಇಲ್ವೋ ನನಗೇ ಗೊತ್ತಿಲ್ಲ.

ನೀಲಿಪೆನ್ನು
ನಾನು ಹತ್ತಕ್ಕೇ ಕಟ್ಟೋನು. ಕಾರ್ಡ್ ಬದಲಾಗಿ, ಮೇಲ್ ಬದಲಾಗಿ, ಮರೆತು ಕಳ್ಕೊಂಡವರನ್ನ ನೋಡಿದೀನಿ.

ಕಾಗದದೋಣಿ
ಎಲ್ರಿಗೂ ಅಪ್ಡೇಟ್. ಹದಿನಾರು ದಿನ ಆಯ್ತು. ಹೊಸ ಹೋಸ್ಟಿಂಗ್ ತಗೊಳ್ಳೋವಾಗ ಈ ಸಲ ಆಫರ್ ಬೆಲೆ ನೋಡ್ಲೇ ಇಲ್ಲ, ರಿನ್ಯೂವಲ್ ಬೆಲೆ ಎಷ್ಟು ಅಂತ ಚಾಟಲ್ಲಿ ಕೇಳಿ ಬರಹದಲ್ಲಿ ತಗೊಂಡೆ, ನನ್ನ ಲೆಕ್ಕದಲ್ಲಿ ವರ್ಷಕ್ಕೆ 110, ಮುಂದಿನ ವರ್ಷನೂ ಅಷ್ಟೇ ಅಂದ್ರು. .com ಟ್ರಾನ್ಸ್‌ಫರ್‌ಗೆ 40 ಆಯ್ತು, ಪ್ರೈವಸಿ ಅದರಲ್ಲೇ ಬಂತು. ನೇಮ್‌ಸರ್ವರ್ ಬದಲಾಯಿಸಿದ ಮಾರನೇ ದಿನ ಒಬ್ಬ ಮೇಷ್ಟ್ರು ಕಳಿಸಿದ ಮೇಲ್ ಹಳೇ ಬಾಕ್ಸ್‌ಗೇ ಬಂದು ಬಿದ್ದಿತ್ತು, ನೀವು ಹೇಳಿದ್ರಿ ಅಂತ ಎರಡೂ ಕಡೆ ನೋಡ್ತಿದ್ದೆ, ಸಿಕ್ತು. ಕೋಡ್ ಮೂರನೇ ದಿನ ಬಂತು. ಲುಕಪ್‌ನಲ್ಲಿ ಎಕ್ಸ್‌ಪೈರಿ ಸರಿಯಾಗಿ ಒಂದು ವರ್ಷ ಮುಂದಕ್ಕೆ ಹೋಗಿದೆ, ರಿಜಿಸ್ಟ್ರಾರ್ ಹೆಸರೂ ಹೊಸದು.

ಬ್ಯಾಕಪ್ 15 ಮಾತ್ರ ಕಟ್ ಆಗಿದೆ, ಆಫ್ ಮಾಡಿದ ಫೋಟೋ ಸಮೇತ ಬರೆದಿದೀನಿ, ಪರಿಶೀಲನೆಯಲ್ಲಿದೆ ಅಂತ ಉತ್ತರ ಬಂದು ನಾಲ್ಕು ದಿನ ಆಯ್ತು.

ಈಗ ಉಳಿದಿರೋದು .online. ವರ್ಷಕ್ಕೆ 80, ಹೊಸ ಕಡೆ ಒಯ್ದ್ರೂ 70. ಅದರಲ್ಲಿ ಸೈಟೇನೂ ಇಲ್ಲ, .comಗೆ ರಿಡೈರೆಕ್ಟ್ ಅಷ್ಟೇ. ಬಿಟ್ಬಿಡೋಣ ಅಂತಿದ್ದೆ. ಆದ್ರೆ ಮೊದಲ ನಾಲ್ಕು ತಿಂಗಳು ಮಾಡಿದ ವರ್ಕ್‌ಶೀಟ್‌ಗಳ ಕೆಳಗೆ ಆ ವಿಳಾಸನೇ ಪ್ರಿಂಟ್ ಆಗಿದೆ. ಎಲ್ಲೆಲ್ಲಿ ಎಷ್ಟು ಮಕ್ಕಳ ಕೈಲಿ ಆ ಹಾಳೆ ಇದೆಯೋ.

ಬೆಳ್ಳಿಮೋಡ
ಅಕ್ಕ ಬಿಟ್ಬಿಡಿ, ಹಳೇ ಹಾಳೆ ಯಾರು ಇಟ್ಕೊಂಡಿರ್ತಾರೆ.

ಮೂರನೇಬೆಂಚು
ಬಿಡ್ಬೇಡಿ ಮೇಡಂ. ಬಿಟ್ಟ ಹೆಸರನ್ನ ಜೂಜಿನ ಸೈಟಿನವರು ತಗೊಂಡಿದ್ದು ನಾನೇ ನೋಡಿದೀನಿ. ಮಗು ಆ ವಿಳಾಸ ಟೈಪ್ ಮಾಡಿದ್ರೆ?

ಹಳೇಸರ್ವರ್
ಮೂರನೇಬೆಂಚು ಹೇಳೋ ಭಯ ನಿಜವಾದ್ದೇ. ನನ್ನ ಯೋಚನೆ ಏನಂದ್ರೆ, ಇನ್ನೊಂದು ವರ್ಷ ಮಾತ್ರ ಕಟ್ಟಿ. ಹೊಸ ಸರ್ವರ್‌ನ ಲಾಗಲ್ಲಿ ಆ ಹೆಸರಿಂದ ದಿನಕ್ಕೆ ಎಷ್ಟು ಜನ ಬರ್ತಾರೆ ಅಂತ ನೋಡಿ. ಸೈಟಲ್ಲಿರೋ ಹಳೇ ಪಿಡಿಎಫ್‌ಗಳಲ್ಲಿ ವಿಳಾಸ ಈಗ್ಲೇ ಬದಲಾಯಿಸಿ. ರಿಡೈರೆಕ್ಟ್ ಬದಲು ಒಂದು ಪುಟ ಇಟ್ಟು, ಹೊಸ ವಿಳಾಸ ದೊಡ್ಡ ಅಕ್ಷರದಲ್ಲಿ ಬರೆದು, ಇದನ್ನ ಬರ್ಕೊಳ್ಳಿ ಅಂತ ಹೇಳಿ. ವರ್ಷದ ಕೊನೆಗೂ ಜನ ಬರ್ತಿದ್ರೆ ಏನ್ ಮಾಡೋದು ಅನ್ನೋದಕ್ಕೆ ಮಾತ್ರ ನನ್ನ ಹತ್ರ ಸುಲಭದ ಉತ್ತರ ಇಲ್ಲ, ಮತ್ತೆ ಕಟ್ಬೇಕಾಗುತ್ತೆ.

ಕಾಗದದೋಣಿ
ಇವತ್ತು ರಾತ್ರಿ ಹಳೇ ಪಿಡಿಎಫ್‌ಗಳನ್ನ ಎಣಿಸ್ದೆ, 62 ಇದಾವೆ. ನಾಳೆಯಿಂದ ಒಂದೊಂದೇ ತೆರೆದು ಕೆಳಗಿನ ಸಾಲು ಬದಲಾಯಿಸ್ತೀನಿ. .onlineಗೆ ಒಂದು ವರ್ಷ ಕಟ್ದೆ, ಎಕ್ಸ್‌ಪೈರಿಗೆ ಏಳು ದಿನ ಮುಂಚೆನೇ. ಬ್ಯಾಕಪ್ ದುಡ್ಡು ವಾಪಸ್ ಬಂದ್ರೆ ಇಲ್ಲೇ ತಿಳಿಸ್ತೀನಿ.